ಮೊಣಕಾಲಿನಿಂದ ಕುರ್ಚಿ, ಮೊಣಕೈಯಿಂದ ಮೇಜು

ಮೊಳ, ಮೊಣಕೈ, ಮೊಣಕಾಲು ಎಂಬ ಮೂರು ಮಾತುಗಳು ಒಂದೇ ಬೇರಿನಿಂದ ಬಂದವುಗಳೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ನಾವು ನೆಲೆಸಿರುವ ವಯನಾಡಿನಲ್ಲಿ ಮರಗೆಲಸದ ಆಶಾರಿಗಳು ಕೈಯಲ್ಲಿ ಹಿಡಿಯುವ ಅಳತೆಗೋಲಿಗೆ ಮುಳಕ್ಕೋಲು ಎಂದು ಹೆಸರು. ಅದರಲ್ಲಿಯೂ ಇರುವುದು ಅದೇ ಮೊಳ. ಒಂದು ಕೋಲಿಗೆ 24 ಅಂಗುಲ, ಒಂದು ಅಂಗುಲಕ್ಕೆ ಈಗಿನ ಲೆಕ್ಕದಲ್ಲಿ 3 ಸೆಂಟಿಮೀಟರು. ಮೈಯಿಂದಲೇ ಹುಟ್ಟಿದ ಅಳತೆಯಿಂದ ಮನೆ, ಬಾಗಿಲು, ಮಂಚಗಳನ್ನೆಲ್ಲ ಕಟ್ಟಿಕೊಂಡು ಬಂದ ಜನ ನಾವು. ಆದರೆ ಓದುವ ಮಕ್ಕಳ ಮೇಜು ಕುರ್ಚಿಗಳನ್ನು ಕೊಳ್ಳುವಾಗ ಮಾತ್ರ ಮಗುವಿನ ಮೈಯನ್ನು ಯಾರೂ ಅಳೆಯುವುದಿಲ್ಲ. ‘ಎಷ್ಟನೆಯ ತರಗತಿ?’ ಎಂದು ಕೇಳುತ್ತಾರೆ. ತರಗತಿ ಒಂದೇ ಆದ ಮಾತ್ರಕ್ಕೆ ಕಾಲುಗಳು ಒಂದೇ ಉದ್ದವಾಗಿರುವುದಿಲ್ಲ.

ನಮ್ಮ ಮನೆಯಲ್ಲಿರುವ ಮೇಜು ಗುಂಡ್ಲುಪೇಟೆಯ ಹಿರಿಯರಿಂದ ಬಂದದ್ದು. ಬೀಟೆಮರದ್ದು, ಎತ್ತರ 75 ಸೆಂಟಿಮೀಟರು, ಮುಂಭಾಗದಲ್ಲಿ ಹಿತ್ತಾಳೆಯ ಹಿಡಿಯುಳ್ಳ ಒಂದು ಡ್ರಾಯರ್. ದೊಡ್ಡವರು ಕುಳಿತು ಲೆಕ್ಕ ಬರೆಯುವುದಕ್ಕೆಂದು ಮಾಡಿಸಿದ ಮೇಜು. ಒಂಬತ್ತು ವರ್ಷದ ನಮ್ಮ ಮಗಳು 2023ರ ಜೂನ್ ತಿಂಗಳಿನಿಂದ ಅದರ ಮುಂದೆ ಕೂರತೊಡಗಿದಳು. ಕುರ್ಚಿ ಎಲ್ಲರ ಮನೆಯಲ್ಲಿರುವಂಥದೇ, 45 ಸೆಂಟಿಮೀಟರು ಎತ್ತರದ್ದು. ಕೆಲವೇ ದಿನಗಳಲ್ಲಿ ಅವಳ ಮೇಲೆ ದೂರುಗಳು ಶುರುವಾದುವು. ಕುಳಿತಲ್ಲಿ ಕೂರುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಏಳುತ್ತಾಳೆ, ಪುಸ್ತಕಕ್ಕೆ ಮೂಗು ತಾಗಿಸಿ ಬರೆಯುತ್ತಾಳೆ, ಕೊನೆಗೆ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಾಳೆ. ಅಜ್ಜಿಯ ತೀರ್ಪು ‘ಈ ಹುಡುಗಿಗೆ ಗಮನವೇ ಇಲ್ಲ’ ಎಂದು. ಪಾಠ ಹೇಳಲು ಬರುತ್ತಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದಿನಲ್ಲಿ ಶ್ರದ್ಧೆಯಿಲ್ಲವೆಂದರು. ಮಗುವೂ ಅದನ್ನು ನಂಬತೊಡಗಿದ್ದಳು ಎಂಬುದೇ ನಮ್ಮನ್ನು ಕಾಡಿದ ಸಂಗತಿ. ‘ನನಗೆ ಕೂರಲು ಬರುವುದಿಲ್ಲಮ್ಮ’ ಎಂದು ಒಂದು ಸಂಜೆ ಅವಳು ಹೇಳಿದ ಮಾತಿನಲ್ಲಿ ತುಂಟತನವಿರಲಿಲ್ಲ.

ಹಾಗಾಗಿ ಎರಡು ಮೂರು ದಿನ ಅವಳು ಹೇಗೆ ಕೂರುತ್ತಾಳೆಂದು ಮಾತನಾಡದೆ ನೋಡಿದೆವು. ಬರೆಯುವ ಕೈಯ ಹೆಗಲು ಕಿವಿಯ ಕಡೆಗೆ ಏರಿರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಕಾಲನ್ನು ಮಡಿಸಿ ಅದರ ಮೇಲೆ ಕೂರುತ್ತಿದ್ದಳು. ಅದೂ ಸಾಲದಾದಾಗ ಎರಡೂ ಕಾಲುಗಳನ್ನು ಮಡಿಸಿ ಮೊಣಕಾಲೂರಿ ನಿಲ್ಲುತ್ತಿದ್ದಳು. ಇನ್ನೊಂದು ಹೊತ್ತಿನಲ್ಲಿ ಕುರ್ಚಿಯ ತುದಿಗೆ ಜಾರಿ, ಪಾದಗಳನ್ನು ಕುರ್ಚಿಯ ಕಾಲುಗಳಿಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತಿದ್ದಳು. ಇವೆಲ್ಲ ಚೇಷ್ಟೆಯಂತೆ ಕಾಣುತ್ತವೆ. ಆದರೆ ಒಂದೊಂದಕ್ಕೂ ಅರ್ಥವುಂಟು. ಮಡಿಸಿದ ಕಾಲಿನ ಮೇಲೆ ಕುಳಿತ ಮಗು ತನಗೆ ಬೇಕಾದ ಏಳೆಂಟು ಸೆಂಟಿಮೀಟರು ಎತ್ತರವನ್ನು ತಾನೇ ಸಂಪಾದಿಸಿಕೊಳ್ಳುತ್ತಿದೆ, ಅಂದರೆ ಮೇಜು ಅದಕ್ಕೆ ಎತ್ತರವಾಗಿದೆ. ಕುರ್ಚಿಯ ಕಾಲನ್ನು ಪಾದದಿಂದ ಹಿಡಿದುಕೊಂಡ ಮಗುವಿಗೆ ನೆಲ ಎಟುಕುತ್ತಿಲ್ಲ. ಹೆಗಲು ಏರಿದ್ದರೆ ಮೊಣಕೈ ಮೇಜಿನ ಮಟ್ಟಕ್ಕಿಂತ ತೀರ ಕೆಳಗಿದೆ. ಇದಕ್ಕೆ ವಿರುದ್ಧವಾಗಿ, ಬರೆಯದ ಕೈಯ ಮೇಲೆ ತಲೆಯನ್ನು ಇಟ್ಟುಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸುವ ಮಗುವಿಗೆ ಮೇಜು ತಗ್ಗಾಗಿರುವುದು ಹೆಚ್ಚು ಸಂಭವ.

ಅಳೆಯುವುದಕ್ಕೆ ಬೇಕಾದುದು ಹೊಲಿಗೆಯ ಟೇಪು, ಒಂದು ಸ್ಕೇಲು, ಗಟ್ಟಿಯಾದ ಒಂದು ಆಸನ. ಸೋಫಾ ಆಗಲಿ ಹಾಸಿಗೆಯಾಗಲಿ ಕೂಡದು, ಮೈ ಒಳಗೆ ಇಳಿದು ಅಳತೆ ಸುಳ್ಳಾಗುತ್ತದೆ. ಮೊದಲು ಮೊಣಕಾಲು. ಮಗುವನ್ನು ಬರಿಗಾಲಿನಲ್ಲಿ ಕೂರಿಸಿ, ಪಾದಗಳ ಕೆಳಗೆ ಹಳೆಯ ಪುಸ್ತಕಗಳನ್ನೋ ಹಲಗೆಗಳನ್ನೋ ಒಂದೊಂದಾಗಿ ಪೇರಿಸುತ್ತ ಹೋಗಬೇಕು. ತೊಡೆ ನೆಲಕ್ಕೆ ಸಮನಾಗಿ, ಕಣಕಾಲು ನೇರ ಕೆಳಗಿಳಿದು, ಪಾದದ ಹಿಮ್ಮಡಿಯೂ ಬೆರಳೂ ಪೂರ್ತಿಯಾಗಿ ಊರಿದಾಗ ನಿಲ್ಲಿಸಬೇಕು. ಪಾದ ಊರಿದ ಜಾಗದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ, ತೊಡೆಯ ಅಡಿಭಾಗಕ್ಕೆ ಸ್ಕೇಲನ್ನು ಅಡ್ಡ ಹಿಡಿದು, ನೇರವಾಗಿ ಅಳೆಯಬೇಕು. ಮಂಡಿಚಿಪ್ಪಿನ ಮೇಲ್ತುದಿಯವರೆಗೆ ಅಳೆದರೆ ತೊಡೆಯ ದಪ್ಪವೂ ಸೇರಿ ಕುರ್ಚಿ ಅಷ್ಟೂ ಎತ್ತರವಾಗುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ: ಆಸನದ ಮುಂದಿನ ಅಂಚಿಗೂ ತೊಡೆಗೂ ನಡುವೆ ಬೆರಳೊಂದು ಸಲೀಸಾಗಿ ಹೋಗಬೇಕು. ಅಂಚು ತೊಡೆಯನ್ನು ಒತ್ತುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕಾಲು ಜೋಮು ಹಿಡಿಯುತ್ತದೆ. ಮಗು ಏಳುವುದು ಆಗಲೇ. ಶಾಲೆಯ ಕುರ್ಚಿಯಾದರೆ ಬೂಟಿನ ಅಟ್ಟೆಗೆಂದು 2 ಸೆಂಟಿಮೀಟರು ಕೂಡಿಸಬೇಕು. ಮನೆಯೊಳಗೆ ಚಪ್ಪಲಿ ಹಾಕದ ನಮಗೆ ಅದು ಬೇಡ. ವಯನಾಡಿನ ಡಿಸೆಂಬರ್ ಚಳಿಗೆ ಮನೆಯೊಳಗೂ ಚಪ್ಪಲಿ ಮೆಟ್ಟುವ ಮಕ್ಕಳಿದ್ದರೆ ಅದರ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.

ಅನಂತರ ಮೊಣಕೈ. ಇದನ್ನು ನೆಲದಿಂದ ಅಳೆಯುವುದಲ್ಲ, ಕುಳಿತ ಆಸನದಿಂದ ಮೇಲಕ್ಕೆ ಅಳೆಯುವುದು. ಮೇಲ್ತೋಳು ಮೈಗೆ ಹೊಂದಿ ಸಡಿಲವಾಗಿ ಇಳಿಬಿದ್ದಿರಬೇಕು, ಮುಂಗೈ ಮುಂದಕ್ಕೆ ಮಡಿಸಿರಬೇಕು. ಆಗ ಮೊಣಕೈಯ ಕೆಳತುದಿ ಆಸನದಿಂದ ಎಷ್ಟು ಮೇಲಿದೆ ಎಂಬುದೇ ಬೇಕಾದ ಅಂಕಿ. ತೊಡಕು ಇರುವುದು ಇಲ್ಲಿಯೇ. ಅಳೆಯುತ್ತಾರೆಂದ ಕೂಡಲೆ ಮಕ್ಕಳು ಫೋಟೋಕ್ಕೆ ಕುಳಿತವರಂತೆ ಎದೆಯುಬ್ಬಿಸಿ ಹೆಗಲೇರಿಸುತ್ತಾರೆ. ನಮ್ಮ ಮಗಳ ಮೊಣಕೈ ಮೊದಲ ಸಲ 20 ಸೆಂಟಿಮೀಟರು ಬಂದಿತು. ಅವಳನ್ನು ಐದು ನಿಮಿಷ ಕಥೆ ಓದಲು ಬಿಟ್ಟು, ಉಸಿರನ್ನು ಪೂರ್ತಿ ಹೊರಬಿಡಲು ಹೇಳಿ ಅಳೆದಾಗ 18, ಮತ್ತೊಮ್ಮೆ ಅಳೆದಾಗಲೂ 18. ಮೂರು ಸಲ ಅಳೆದು ನಡುವಿನದನ್ನು ಹಿಡಿಯುವುದು ಕ್ಷೇಮ. ಈ ಎರಡು ಸೆಂಟಿಮೀಟರು ಚಿಕ್ಕದಲ್ಲ, ಒಂದು ವರ್ಷದ ಬೆಳವಣಿಗೆಗಿಂತಲೂ ಹೆಚ್ಚು.

ಕುರ್ಚಿಯ ಎತ್ತರ ಮೊಣಕಾಲಿನ ಅಳತೆಗೆ ಸಮ. ಮೇಜಿನ ಎತ್ತರ ಕುರ್ಚಿಯ ಎತ್ತರಕ್ಕೆ ಮೊಣಕೈಯ ಅಳತೆಯನ್ನು ಸೇರಿಸಿ, ಅದಕ್ಕೆ ಇನ್ನೊಂದಿಷ್ಟು. ಬರೆಯುವಾಗ ತೋಳು ಮುಂದಕ್ಕೆ ಚಾಚುವುದರಿಂದ ಮೊಣಕೈ ತಾನಾಗಿಯೇ ತುಸು ಮೇಲೇಳುತ್ತದೆ, ಆ ‘ಇನ್ನೊಂದಿಷ್ಟು’ ಇರುವುದು ಅದಕ್ಕಾಗಿ. ಸುಮಾರು 3 ಸೆಂಟಿಮೀಟರು ಸಾಕು. 132 ಸೆಂಟಿಮೀಟರು ಎತ್ತರದ ನಮ್ಮ ಮಗಳ ಮೊಣಕಾಲಿನ ಅಳತೆ 33. ಅಂದಮೇಲೆ ಅವಳಿಗೆ ಬೇಕಾದ ಕುರ್ಚಿ 33, ಮೇಜು 54. ಅವಳು ಕೂರುತ್ತಿದ್ದ ಕುರ್ಚಿ 45, ಮೇಜು 75. ಪಾದಗಳು ನೆಲದಿಂದ 12 ಸೆಂಟಿಮೀಟರು ಮೇಲೆ ತೂಗಾಡುತ್ತಿದ್ದುವು, ಮೇಜಿನ ಹಲಗೆ ಮೊಣಕೈಗಿಂತ 12 ಸೆಂಟಿಮೀಟರು ಮೇಲಿತ್ತು. ಈ ಲೆಕ್ಕವನ್ನು ನಮ್ಮ ಅಳತೆಗೆ ಹಿಗ್ಗಿಸಿ ನೋಡಿದೆವು: ನಮ್ಮನ್ನು ಯಾರಾದರೂ 60 ಸೆಂಟಿಮೀಟರು ಎತ್ತರದ ಪೀಠದ ಮೇಲೆ ಕೂರಿಸಿ, ಎದೆಮಟ್ಟದ ಮೇಜಿನ ಮೇಲೆ ಒಂದು ಗಂಟೆ ಬರೆಯಿರಿ ಎಂದರೆ ಎಷ್ಟು ಹೊತ್ತು ಕುಳಿತೇವು? ಅಜ್ಜಿಗೆ ಈ ಮಾತನ್ನು ಹೇಳಿದಾಗ ಅವರು ಏನೂ ಅನ್ನಲಿಲ್ಲ. ಆದರೆ ಗಮನದ ಮಾತು ಅಂದಿನಿಂದ ನಿಂತಿತು.

ಮೇಜಿನ ಕಾಲುಗಳನ್ನು 21 ಸೆಂಟಿಮೀಟರು ಕತ್ತರಿಸಿದರೆ ಲೆಕ್ಕ ಮುಗಿಯುತ್ತಿತ್ತು. ಆದರೆ ಹಿರಿಯರ ಬೀಟೆಯ ಮೇಜಿಗೆ ಗರಗಸ ತಾಗಿಸಲು ಮನಸ್ಸು ಒಪ್ಪಲಿಲ್ಲ. ಅಷ್ಟಲ್ಲದೆ ಕತ್ತರಿಸಿದ ಮೇಜು ಎರಡೇ ವರ್ಷಕ್ಕೆ ಅವಳಿಗೆ ತಗ್ಗಾಗುತ್ತಿತ್ತು. ಹೊಲಿದ ಲಂಗದ ಮಡಿಕೆಯನ್ನು ಬಿಚ್ಚಿದಂತೆ ಕತ್ತರಿಸಿದ ಕಾಲನ್ನು ಬಿಚ್ಚಿ ಉದ್ದ ಮಾಡಲಾಗುವುದಿಲ್ಲ. ಹಾಗಾದರೆ ಉಳಿದ ದಾರಿ ಲೆಕ್ಕವನ್ನು ತಲೆಕೆಳಗು ಮಾಡುವುದು: ಮೇಜನ್ನು ಇದ್ದಂತೆಯೇ ಇರಿಸಿಕೊಂಡು ಮೊಣಕೈಯ ಅಳತೆಯಿಂದ ಕುರ್ಚಿಗೆ ಇಳಿಯಬೇಕು, ಕುರ್ಚಿಯಿಂದ ಮೊಣಕಾಲಿನ ಅಳತೆಯಷ್ಟು ಇಳಿದು ಪಾದಕ್ಕೊಂದು ನೆಲವನ್ನು ಕಟ್ಟಬೇಕು.

ನಮ್ಮ ಊರಿನ ಆಶಾರಿಯವರು ಇದನ್ನು ನಮಗಿಂತ ಬೇಗ ಹಿಡಿದರು. ಅವರು ಸೆಂಟಿಮೀಟರನ್ನು ಬಿಟ್ಟು ಅಂಗುಲಕ್ಕೆ ಬಂದರು. ಮೇಜು ಕೋಲಿನ ಮೇಲೆ ಒಂದು, ಅಂದರೆ 25 ಅಂಗುಲ. ಬರೆಯುವ ತೋಳಿಗೆ 1 ಬಿಡಬೇಕು, ಮೊಣಕೈ 6 ಅಂಗುಲ. ಉಳಿದದ್ದು 18, ಅದೇ ಕುರ್ಚಿ. ಅದರಲ್ಲಿ ಮೊಣಕಾಲಿನ 11 ಅಂಗುಲ ಕಳೆದರೆ 7, ಅದು ಪಾದದ ಹಲಗೆ. ‘ಮೋಳೇ, ನಿನಗೆ ಏಳು ಅಂಗುಲ ಮೇಲೆ ಒಂದು ಭೂಮಿ ಮಾಡಿಕೊಡುತ್ತೇನೆ’ ಎಂದು ತಮ್ಮ ಮಲಯಾಳದಲ್ಲಿ ಹೇಳಿ ನಕ್ಕರು. ಸೆಂಟಿಮೀಟರಿನಲ್ಲಿ ಕುರ್ಚಿ 54, ಪಾದದ ಹಲಗೆ 21.

ಆದರೆ ಮೇಜಿನ ಕೆಳಗೆ ಕಾಲು ಹೋಗಬೇಕಲ್ಲ. ತೊಡೆಯ ದಪ್ಪವನ್ನೂ ಅಳೆದೆವು, ಕುಳಿತಾಗ 11 ಸೆಂಟಿಮೀಟರು. 54ರ ಮೇಲೆ 11 ಎಂದರೆ 65. ಅದರ ಮೇಲೆ ಕಾಲಾಡಲು ಎರಡು ಮೂರು ಸೆಂಟಿಮೀಟರು ಬಯಲು ಬೇಕು. ಮೇಜಿನ ಹಲಗೆ 2.5 ಸೆಂಟಿಮೀಟರು ದಪ್ಪ, ಅದರ ಕೆಳಗೆ ಡ್ರಾಯರು 10 ಸೆಂಟಿಮೀಟರು. ಮೇಜಿನ ಅಡಿ 62.5ಕ್ಕೇ ಬಂದು ನಿಲ್ಲುತ್ತಿತ್ತು, ತೊಡೆ ಡ್ರಾಯರಿಗೆ ಸಿಕ್ಕಿಕೊಳ್ಳುತ್ತಿತ್ತು. ಓದುವ ಮೇಜು ಎಂದರೆ ಪೆನ್ಸಿಲ್ಲಿಗೊಂದು ಡ್ರಾಯರ್ ಇರಲೇಬೇಕೆಂದು ಎಲ್ಲರೂ ಭಾವಿಸುತ್ತಾರೆ. ನಮ್ಮ ಅನುಭವದಲ್ಲಿ ಬೆಳೆಯುವ ಮಗುವಿನ ಮೇಜಿಗೆ ಅದರಷ್ಟು ಅಡ್ಡಿಯಾದ ವಸ್ತು ಇನ್ನೊಂದಿಲ್ಲ. ಆಶಾರಿಯವರು ಡ್ರಾಯರನ್ನೂ ಅದನ್ನು ಹೊತ್ತಿದ್ದ ಮುಂದಿನ ಪಟ್ಟಿಯನ್ನೂ ಮುರಿಯದಂತೆ ಬಿಡಿಸಿ ತೆಗೆದರು. ಹಿಂಬದಿ ಮತ್ತು ಪಕ್ಕದ ಪಟ್ಟಿಗಳು ಹಾಗೆಯೇ ಉಳಿದುವು. ಮುಂಭಾಗ ಸಡಿಲವಾಗಬಾರದೆಂದು ಹಲಗೆಯ ಅಡಿಗೆ ಚಪ್ಪಟೆ ಕಬ್ಬಿಣದ ಪಟ್ಟಿಯೊಂದನ್ನು ಸ್ಕ್ರೂ ಹಾಕಿ ಬಿಗಿದರು. ಈಗ ಮೇಜಿನ ಅಡಿ ಹೆಚ್ಚುಕಡಿಮೆ 72. ಡ್ರಾಯರು ಅಟ್ಟದ ಮೇಲಿದೆ. ಮಗಳು ದೊಡ್ಡವಳಾದ ಮೇಲೆ ಅದು ತನ್ನ ಜಾಗಕ್ಕೆ ಮರಳಬಹುದು.

ಕುರ್ಚಿಯನ್ನು ಹೊಸದಾಗಿಯೇ ಮಾಡಿಸಬೇಕಾಯಿತು. ನಾರ್ವೆ ದೇಶದ ಪೀಟರ್ ಓಪ್ಸ್ವಿಕ್ ಎಂಬ ವಿನ್ಯಾಸಕಾರರು 1972ರಲ್ಲಿ ಟ್ರಿಪ್ ಟ್ರಾಪ್ ಎಂಬ ಮಕ್ಕಳ ಕುರ್ಚಿಯನ್ನು ರೂಪಿಸಿದರು. ಅದರ ಪಕ್ಕದ ಎರಡು ಮರಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಗಾಡಿಗಳಿದ್ದು, ಕೂರುವ ಹಲಗೆಯನ್ನೂ ಪಾದದ ಹಲಗೆಯನ್ನೂ ಬೇಕಾದ ಗಾಡಿಗೆ ಸರಿಸಬಹುದು. ದೊಡ್ಡವರ ಊಟದ ಮೇಜಿಗೆ ಮಗುವನ್ನು ಏರಿಸುವ ಉಪಾಯವದು. ನಮ್ಮ ಆಶಾರಿಯವರು ಚಿತ್ರ ನೋಡಿ, ಗಾಡಿಗಳ ಬದಲಿಗೆ ಒಂದೊಂದು ಅಂಗುಲಕ್ಕೆ ಒಂದೊಂದು ತೂತು ಕೊರೆದು ಬೋಲ್ಟು ಹಾಕುವಂತೆ ಮಾಡಿದರು. ಮರ ಕಾಫಿತೋಟದ ಸಿಲ್ವರ್ ಓಕ್, ಮೆಣಸಿನ ಬಳ್ಳಿ ಹಬ್ಬಿಸಲು ನಮ್ಮಲ್ಲಿ ಎಲ್ಲೆಡೆ ಬೆಳೆಸುವಂಥದು. ಹಲಗೆಗಳು ಹಲಸಿನವು. ಅರ್ಧ ಅಂಗುಲದ ವ್ಯತ್ಯಾಸ ಬೇಕಾದಾಗ ಹಲಗೆಯ ಮೇಲಿಡಲು ತೆಳುವಾದ ಪ್ಲೈವುಡ್ ತುಂಡುಗಳನ್ನು ಕೊಟ್ಟರು. ಎತ್ತರದ ಕುರ್ಚಿಗೆ ಉರುಳುವ ಭಯವುಂಟು. ಹಿಂದಕ್ಕೆ ಉರುಳದಂತೆ ಅಡಿಯನ್ನು ಮುಂದೆ ಹಿಂದೆ ಅರ್ಧ ಮೀಟರಿನಷ್ಟು ಚಾಚಿಸಬೇಕು. ಮುಂದಕ್ಕೆ ಉರುಳದಂತೆ ಪಾದದ ಹಲಗೆ ಕುರ್ಚಿಯ ಮುಂಗಾಲುಗಳಿಗಿಂತ ಹೊರಕ್ಕೆ ಚಾಚಬಾರದು, ಏಕೆಂದರೆ ಮಕ್ಕಳು ಅದರ ಮೇಲೆ ನಿಂತೇ ಹತ್ತುತ್ತಾರೆ. ಆಸನದ ಆಳಕ್ಕೂ ಒಂದು ಮಿತಿಯುಂಟು. ಬೆನ್ನು ಹಿಂಬದಿಗೆ ತಾಗಿದಾಗ ಆಸನದ ಅಂಚಿಗೂ ಮಂಡಿಯ ಹಿಂಬದಿಗೂ ಮೂರು ಬೆರಳಿನ ಜಾಗ ಉಳಿಯಬೇಕು. ದೊಡ್ಡವರ ಕುರ್ಚಿಯಲ್ಲಿ ಅದು ಉಳಿಯದೆ ಮಗು ಒರಗುವುದನ್ನೇ ಬಿಟ್ಟು ತುದಿಗೆ ಬರುತ್ತದೆ. ಹೊಸ ಕುರ್ಚಿ ಮಾಡಿಸಲಾಗದವರು ಬೆನ್ನ ಹಿಂದೆ ಗಟ್ಟಿಯಾದ ದಿಂಬನ್ನೋ ಹಲಗೆಯನ್ನೋ ನಿಲ್ಲಿಸಿ ಆ ಆಳವನ್ನು ತುಂಬಬಹುದು.

ಎರಡು ವರ್ಷಗಳ ಅನಂತರ, 2025ರ ಜೂನ್ ತಿಂಗಳಿನಲ್ಲಿ, ಅವಳ ಎತ್ತರ 144. ಮೊಣಕಾಲು 33ರಿಂದ 36.5ಕ್ಕೆ ಬಂದಿತ್ತು, ಮೊಣಕೈ 18ರಿಂದ 19.5ಕ್ಕೆ ಮಾತ್ರ. ಹರೆಯಕ್ಕೆ ಕಾಲಿಡುವ ಮಕ್ಕಳಲ್ಲಿ ಮೊದಲು ಕಾಲು ನೀಳವಾಗುತ್ತದೆ, ಮುಂಡದ ಬೆಳವಣಿಗೆ ಅದರ ಹಿಂದೆ ಬರುತ್ತದೆ. ಆದುದರಿಂದ ಕುರ್ಚಿಯನ್ನು ಇಳಿಸಬೇಕಾದದ್ದು ಒಂದೂವರೆ ಸೆಂಟಿಮೀಟರು, ಪಾದದ ಹಲಗೆಯನ್ನು ಇಳಿಸಬೇಕಾದದ್ದು 5. ಕುರ್ಚಿ 52.5, ಹಲಗೆ 16. ಎರಡನ್ನೂ ಒಟ್ಟಿಗೆ ಒಂದೇ ಅಳತೆಯಲ್ಲಿ ಇಳಿಸುತ್ತ ಹೋದರೆ ಲೆಕ್ಕ ಕೆಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಲೇಬೇಕು. ಯುರೋಪಿನ ಶಾಲೆಗಳ ಪೀಠೋಪಕರಣಗಳಿಗೆ ಮಗುವಿನ ಎತ್ತರಕ್ಕೆ ತಕ್ಕಂತೆ ಅಂಕೆಯನ್ನೂ ಬಣ್ಣವನ್ನೂ ಕೊಟ್ಟು ಹಲವು ಗಾತ್ರಗಳನ್ನು ನಿಗದಿ ಮಾಡಿದ್ದಾರೆ. ನೂರಾರು ಮಕ್ಕಳಿಗೆ ಒಟ್ಟಿಗೆ ಒದಗಿಸುವ ಶಾಲೆಗೆ ಅದು ಸರಿ. ಒಂದೇ ಮಗುವಿರುವ ಮನೆಯಲ್ಲಿ ಎತ್ತರಕ್ಕಿಂತ ಮೊಣಕಾಲನ್ನು ನಂಬುವುದು ಲೇಸು. ನಾವು ಶಾಲೆ ಆರಂಭವಾಗುವ ಜೂನ್ ಮತ್ತು ಕ್ರಿಸ್ಮಸ್ ರಜೆ, ಹೀಗೆ ವರ್ಷಕ್ಕೆರಡು ಸಲ ಅಳೆಯುತ್ತೇವೆ.

ಇಷ್ಟೆಲ್ಲ ಮಾಡಿದರೂ ಮಗು ಗೊಂಬೆಯಂತೆ ಕೂರುವುದಿಲ್ಲ, ಕೂರಲೂ ಬಾರದು. ಸರಿಯಾದ ಕುರ್ಚಿಯೂ ಅರ್ಧ ಮುಕ್ಕಾಲು ಗಂಟೆಯ ಮೇಲೆ ಸರಿಯಾಗಿರುವುದಿಲ್ಲ, ಎದ್ದು ಓಡಾಡಲೇಬೇಕು. ಡೆನ್ಮಾರ್ಕಿನ ಶಸ್ತ್ರವೈದ್ಯರಾದ ಎ. ಸಿ. ಮಾಂಡಾಲ್ ಅವರಂತೂ ತೊಂಬತ್ತು ಡಿಗ್ರಿಯ ಕೂರುವಿಕೆಯನ್ನೇ ಒಪ್ಪಲಿಲ್ಲ. ಕಣ್ಣು ಪುಸ್ತಕವನ್ನು ಹುಡುಕಿಕೊಂಡು ಹೋಗುವಾಗ ಬೆನ್ನು ಬಾಗಿಯೇ ಬಾಗುತ್ತದೆ, ಆದ್ದರಿಂದ ಮೇಜು ಎತ್ತರವಾಗಿ ಓದುವವರ ಕಡೆಗೆ ಇಳಿಜಾರಾಗಿರಬೇಕು, ಆಸನವೂ ಮುಂದಕ್ಕೆ ವಾಲಿರಬೇಕು ಎಂಬುದು ಅವರ ವಾದ. ಆಸನವನ್ನು ವಾಲಿಸುವ ಪ್ರಯೋಗಕ್ಕೆ ನಾವು ಕೈಹಾಕಲಿಲ್ಲ. ಇಳಿಜಾರಿನ ಮಾತು ಮಾತ್ರ ನಮಗೆ ಹೊಸದಲ್ಲ, ನಮ್ಮ ಹಿರಿಯರು ಗ್ರಂಥ ಓದಲು ವ್ಯಾಸಪೀಠವನ್ನು ಇಟ್ಟುಕೊಂಡದ್ದು ಇದಕ್ಕೇ ಅಲ್ಲವೇ? ಅಜ್ಜಿಯ ವ್ಯಾಸಪೀಠ ಈಗ ಮೊಮ್ಮಗಳ ಮೇಜಿನ ಮೇಲಿದೆ. ಓದುವಾಗ ಪುಸ್ತಕ ಅದರ ಮೇಲೆ, ಬರೆಯುವಾಗ ನೋಟುಪುಸ್ತಕ ಮೇಜಿನ ಮೇಲೆ. ಮೂಗು ಕಾಗದಕ್ಕೆ ತಾಗುವುದು ಬಹುಮಟ್ಟಿಗೆ ನಿಂತಿದೆ. ನಿಲ್ಲದಿದ್ದರೆ ಮೇಜನ್ನು ಬಿಟ್ಟು ಕಣ್ಣಿನ ವೈದ್ಯರ ಬಳಿಗೆ ಹೋಗಬೇಕಾಗಿತ್ತು. ಕುರ್ಚಿ ಸರಿಯಾದ ಮೇಲೂ ಬೆನ್ನುನೋವು ಉಳಿದರೆ, ಅಥವಾ ರಾತ್ರಿ ನಿದ್ದೆಯಲ್ಲಿ ನೋವಿನಿಂದ ಎದ್ದರೆ, ಅದು ಬಡಗಿಯ ಕೈಯಲ್ಲಿ ಪರಿಹಾರವಾಗುವ ವಿಷಯವಲ್ಲ.

ಕಿರಿಯವನಿಗೆ ಆರು ವರ್ಷ. ಅವನಿಗೆ ಅದೇ ಮೇಜನ್ನು ಹಿಡಿಸಲು ಹೋದರೆ ಪಾದದ ಹಲಗೆ 28 ಸೆಂಟಿಮೀಟರಿಗೆ ಏರಬೇಕು. ಅವನೋ ಕುರ್ಚಿಗೆ ಕಾದು ಕೂರುವ ಜಾತಿಯಲ್ಲ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬರೆಯುತ್ತಾನೆ. ನೆಲದ ಮೇಲೆ ಕುಳಿತರೆ ಮೊಣಕಾಲಿನ ಅಳತೆ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಮೊಣಕೈಯೊಂದೇ ಸಾಕು. ಆದರೆ ಮಡಿಸಿದ ಮಂಡಿಗಳು ಮೇಜಿನ ಅಡಿಗೆ ಹೋಗಬೇಕು. ಅವನ ಮೊಣಕೈ 16. ಅದಕ್ಕೆ ತೋಳಿನ 3 ಸೇರಿಸಿ 19ರ ಮೇಜು ಮಾಡಿದರೆ ಮಂಡಿ ತಾಗುತ್ತದೆ. ಆದ್ದರಿಂದ 5 ಸೆಂಟಿಮೀಟರಿನ ಮಣೆಯ ಮೇಲೆ ಅವನನ್ನು ಕೂರಿಸಿ, ಮೇಜನ್ನು 24 ಮಾಡಿದೆವು. ಮಣೆಯಿಂದ ಸೊಂಟ ಮೇಲೆದ್ದು ಬೆನ್ನು ಹಿಂದಕ್ಕೆ ಕುಸಿಯುವುದೂ ಕಡಿಮೆಯಾಯಿತು. ಹಿಂದೆ ಶಾನುಭೋಗರ ಮನೆಗಳಲ್ಲಿದ್ದ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆಯನ್ನು ಕಂಡವರಿಗೆ ಈ ಅಳತೆ ವಿಚಿತ್ರವೆನಿಸದು.

ನಮ್ಮ ಜಿಲ್ಲೆಯ ಆದಿವಾಸಿ ಊರುಗಳಲ್ಲಿ ಸರಕಾರದ ಸಾಮೂಹಿಕ ಪಠನಮುರಿಗಳಿವೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟುನಾಯಕರ ಮಕ್ಕಳೂ ಅಂಥಲ್ಲಿ ಸಂಜೆ ಓದುತ್ತಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಮೇಜಿಗೆ ಸೇರುವ ಯಾವುದೇ ಕೋಣೆಯಲ್ಲಿ ಮೇಜನ್ನು ದೊಡ್ಡವರಿಗೆ ಹೊಂದಿಸಿಟ್ಟು, ಚಿಕ್ಕವರಿಗೆ ಎತ್ತರದ ಬೆಂಚೊಂದನ್ನೂ ಅದರ ಕೆಳಗೆ ಪಾದ ಊರಲು ಉದ್ದನೆಯ ಹಲಗೆಯೊಂದನ್ನೂ ಹಾಕಬಹುದು. ನಮ್ಮ ಸಂಘದ ಕೆಲವು ಮನೆಗಳಲ್ಲಿ ಅಕ್ಕ ತಮ್ಮಂದಿರು ಈಗ ಹೀಗೆಯೇ ಓದುತ್ತಿದ್ದಾರೆ. ಒಂದು ಮನೆಯಲ್ಲಿ ಹಲಗೆಯ ಬದಲು ಎರಡು ಸಿಮೆಂಟ್ ಇಟ್ಟಿಗೆಗಳ ಮೇಲೆ ಹಳೆಯ ಕಿಟಕಿಯ ಕದವನ್ನು ಇಟ್ಟಿದ್ದಾರೆ, ಕೆಲಸ ಚೆನ್ನಾಗಿಯೇ ನಡೆಯುತ್ತಿದೆ.

ಇನ್ನೊಂದು ಮಾತು. ಮಗಳ ಲೆಕ್ಕ ಮುಗಿದ ಮೇಲೆ ಆಶಾರಿಯವರು ಮುಳಕ್ಕೋಲನ್ನು ಕೆಳಗಿಡದೆ ನಮ್ಮನ್ನೂ ಅಳೆದರು. ನಮ್ಮಿಬ್ಬರಲ್ಲಿ ಗಿಡ್ಡಗಿರುವವರ ಮೊಣಕೈ 23 ಸೆಂಟಿಮೀಟರು, ಮೊಣಕಾಲು 40. ಅದೇ 75ರ ಮೇಜಿಗೆ ಬೇಕಾದ ಕುರ್ಚಿ 49, ಪಾದದ ಕೆಳಗೆ 9. ಎಲ್ಲರೂ ಸರಿಯೆಂದುಕೊಂಡ 45ರ ಕುರ್ಚಿ ದೊಡ್ಡವರಿಗೂ ಸರಿಯಿರಲಿಲ್ಲ. ಈಗ ಆ ಕುರ್ಚಿಯ ಮೇಲೆ 4 ಸೆಂಟಿಮೀಟರಿನ ಗಟ್ಟಿ ಮೆತ್ತೆಯಿದೆ, ಕೆಳಗೆ ಮೂರು ಅಂಗುಲದ ಹಲಸಿನ ಹಲಗೆಯಿದೆ.